ಒಂದೇ ಬಗೆಯ ಗಿರಾಕಿ ಹಿಡಿದರೆ ಉಳಿದವರು ಕೈತಪ್ಪುವುದಿಲ್ಲವೇ?

"ಬಿಕಾಂ ಆಗಿದೆ, ಟ್ಯಾಲಿ, ಜಿಎಸ್‌ಟಿ ಗೊತ್ತು. ಶಿವಮೊಗ್ಗದಲ್ಲಿ ಸ್ವಂತವಾಗಿ ಲೆಕ್ಕದ ಕೆಲಸ ಶುರು ಮಾಡಬೇಕು. ಹೋಂಸ್ಟೇಯವರ ಲೆಕ್ಕ ಮಾತ್ರ ನೋಡ್ತೀನಿ ಅಂದರೆ ಬೇರೆಯವರು ಬರ್ತಾರಾ?"

ಎಷ್ಟು ಸಲ ಉತ್ತರಿಸಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ. 'ಎಲ್ಲ ಮಾಡ್ತೀನಿ ಅಂದರೆ ಎಲ್ಲರೂ ಬರ್ತಾರೆ' ಎಂಬ ನಂಬಿಕೆ ಅಷ್ಟು ಗಟ್ಟಿ. ಆದರೆ ಎಲ್ಲರೂ ಬಂದರೆ ಮಾಡೋಕೆ ನಿಮಗೆ ಸಮಯ ಎಲ್ಲಿದೆ? ತಿಂಗಳ ರಿಟರ್ನ್ ಇರುವವರಿಗೆ ಜಿಎಸ್‌ಟಿಆರ್-1 ಹನ್ನೊಂದನೇ ತಾರೀಖು, 3ಬಿ ಇಪ್ಪತ್ತನೇ ತಾರೀಖು. ಅಷ್ಟರೊಳಗೆ ಎಲ್ಲ ಗಿರಾಕಿಗಳ ಕೆಲಸವೂ ಒಟ್ಟಿಗೆ ಬಂದು ಬೀಳುತ್ತದೆ. ಆ ಹೊತ್ತಿಗೆ ಒಬ್ಬರೇ ಎಷ್ಟು ಜನರನ್ನು ನಿಭಾಯಿಸಬಲ್ಲಿರೋ ಅಷ್ಟೇ ನಿಮ್ಮ ಅಂಗಡಿ. ಕೈತಪ್ಪುತ್ತಾರೆ ಅಂತ ನೀವು ಹೆದರುವ ಗಿರಾಕಿಗಳು ಹೇಗೂ ನಿಮಗೆ ಸಿಗುವವರಲ್ಲ.

ಒಂದೇ ಬಗೆಯವರನ್ನು ಹಿಡಿದರೆ ಏನು ಲಾಭ, ನೋಡಿ. ತೀರ್ಥಹಳ್ಳಿ ಕಡೆಯ ಒಂದು ಹೋಂಸ್ಟೇ, ಜಿಎಸ್‌ಟಿ ನೋಂದಣಿ ಇಲ್ಲ ಅಂದುಕೊಳ್ಳಿ. ಬುಕಿಂಗ್ ಆ್ಯಪ್‌ನಲ್ಲಿ ರೂಮಿಗೆ 3,000 ರೂಪಾಯಿ. ಆ್ಯಪ್‌ನವರ ಕಮಿಷನ್ ಶೇ. 15 ಅಂದರೆ 450. ಆ ಕಮಿಷನ್ ಮೇಲೆ ಶೇ. 18 ಜಿಎಸ್‌ಟಿ, 81. ಟಿಡಿಎಸ್ ಶೇ. 0.1, 3 ರೂಪಾಯಿ. ಬ್ಯಾಂಕಿಗೆ ಬರುವುದು 2,466.

ಹೊಸಬರು ಪಾಸ್‌ಬುಕ್ ನೋಡಿ 2,466 ಅನ್ನೇ ಆದಾಯ ಅಂತ ಬರೆಯುತ್ತಾರೆ. ತಪ್ಪು. ಆದಾಯ 3,000. ಕಮಿಷನ್, ಅದರ ಮೇಲಿನ ತೆರಿಗೆ ಖರ್ಚು. ಆ 3 ರೂಪಾಯಿ ಮುಂಗಡ ಕಟ್ಟಿದ ತೆರಿಗೆ. ಇದು ಸಣ್ಣ ವಿಷಯ ಅನ್ನಿಸುತ್ತೆ ಅಲ್ವಾ? ಆದರೆ ಸೇವೆಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ, ಅದನ್ನು ಎಣಿಸುವುದು 3,000ದ ಲೆಕ್ಕದಲ್ಲಿ. ಎಲ್ಲ ಬುಕಿಂಗೂ ಹೀಗೇ ಬಂದರೆ, ಬ್ಯಾಂಕಿಗೆ ಹದಿನಾರೂವರೆ ಲಕ್ಷ ಬರುವಷ್ಟರಲ್ಲಿ ಮಿತಿ ದಾಟಿಯಾಗಿರುತ್ತದೆ. ಮಾಲೀಕರು ಮಾತ್ರ ಇನ್ನೂ ಮೂರೂವರೆ ಲಕ್ಷ ಬಾಕಿ ಇದೆ ಅಂತ ನಿಶ್ಚಿಂತೆಯಿಂದ ಇರುತ್ತಾರೆ. ಟಿಡಿಎಸ್ ಕಡಿತದ ವಿವರದಲ್ಲಿ ಪೂರ್ತಿ ಮೊತ್ತವೇ ಇರುವುದರಿಂದ ಪುಸ್ತಕಕ್ಕೂ ಆದಾಯ ತೆರಿಗೆ ಪೋರ್ಟಲ್‌ಗೂ ತಾಳೆಯಾಗುವುದಿಲ್ಲ. ಗೊಂದಲ ಬಯಲಿಗೆ ಬರುವುದು ಆಗಲೇ.

ಆ್ಯಪ್‌ನ ಸ್ಟೇಟ್‌ಮೆಂಟ್ ಇಳಿಸಿಕೊಂಡು, ಬ್ಯಾಂಕಿನ ಜಮಾ ಜೊತೆ ಸಾಲು ಸಾಲಾಗಿ ತಾಳೆ ನೋಡುವುದನ್ನು ಒಂದು ಹೋಂಸ್ಟೇಗೆ ಕಲಿತರೆ ಸಾಗರ, ಹೊಸನಗರದ ಹೋಂಸ್ಟೇಗಳಿಗೂ ಅದೇ ವಿಧಾನ. ಎರಡನೆಯವರ ಕೆಲಸ ಬೇಗ ಮುಗಿಯುತ್ತದೆ. ಅಡಿಕೆ ಮಂಡಿಯಲ್ಲೂ ಇಂಥದ್ದೇ ಸೂಕ್ಷ್ಮಗಳಿವೆ. ಆದರೆ ಅಲ್ಲಿ ಹಳೇ ಗುಮಾಸ್ತರು ಬೇರು ಬಿಟ್ಟಿರುತ್ತಾರೆ, ಹೊಸಬರಿಗೆ ಬಾಗಿಲು ತೆರೆಯುವುದು ಕಷ್ಟ. ಡಿಸೈನ್ ಬಲ್ಲವರೂ ಹೀಗೇ ನೋಡಬೇಕು: ಮದುವೆ ಕಾರ್ಡು ಒಂದು ಸಲದ ಕೆಲಸ, ಜೇನು, ಉಪ್ಪಿನಕಾಯಿ ಮಾಡುವವರ ಲೇಬಲ್ ಹೊಸ ಸರಕು ಬಂದಾಗೆಲ್ಲ ಬೇಕು.

ಇನ್ನೊಂದು ಮಾತು, ಯಾರೂ ಕೇಳದಿದ್ದರೂ. ಅತಿಥಿಗಳಿಲ್ಲದ ತಿಂಗಳು ಮಾಲೀಕರು "ಬುಕಿಂಗೇ ಇಲ್ಲ, ಫೀ ಯಾಕೆ?" ಅನ್ನುತ್ತಾರೆ. ನೋಂದಣಿ ಆದವರು ವ್ಯಾಪಾರ ಇಲ್ಲದಿದ್ದರೂ ನಿಲ್ ರಿಟರ್ನ್ ಹಾಕಲೇಬೇಕು, ತಡವಾದರೆ ದಿನಕ್ಕಿಷ್ಟು ಅಂತ ದಂಡ. ಅದಕ್ಕೇ ಬುಕಿಂಗ್ ಲೆಕ್ಕದಲ್ಲಿ ಫೀ ಮಾತಾಡಬೇಡಿ. ಹನ್ನೆರಡು ತಿಂಗಳಿಗೂ ಒಂದೇ ಮೊತ್ತ ಅಂತ ಮೊದಲ ದಿನವೇ ಕಾಗದದಲ್ಲಿ ಬರೆದು ಕೊಡಿ.