ಸುದ್ದಿ ಮೇ ತಿಂಗಳದ್ದು, ನಷ್ಟ ಮಾರ್ಚ್‌ದು

ಕಳೆದ ವರ್ಷ ಜುಲೈನಲ್ಲಿ ರಟ್ಟಿನ ಬಾಕ್ಸ್ ಮಾಡುವ ಒಂದು ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿಯ ಆಡಿಟ್ ಮಾಡ್ತಾ ಕೂತಿದ್ದೆ. ಲೆಕ್ಕ 31 ಮಾರ್ಚ್ 2025ಕ್ಕೆ ಮುಗಿದಿತ್ತು. ಅಕೌಂಟೆಂಟ್ ತೆಗೆದಿಟ್ಟ ಲಾಭ 42 ಲಕ್ಷ. ಮಾಲೀಕರು ಆ 42 ಲಕ್ಷವನ್ನು ಬ್ಯಾಂಕಿನವರಿಗೆ ಆಗಲೇ ಬಾಯಲ್ಲಿ ಹೇಳಿಯೂ ಆಗಿತ್ತು, ಸಿ.ಸಿ. ಸಾಲದ ಲಿಮಿಟ್ ಜಾಸ್ತಿ ಮಾಡಿಸಿಕೊಳ್ಳಬೇಕಿತ್ತಲ್ಲ.

ಗಿರಾಕಿಗಳಿಂದ ಬರಬೇಕಾದ ಬಾಕಿ ಪಟ್ಟಿಯಲ್ಲಿ ಎರಡು ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೆ. ಒಬ್ಬರು ಕುರುಕಲು ತಿಂಡಿ ತಯಾರಿಸುವವರು, ಬಾಕಿ 18 ಲಕ್ಷ. ಇನ್ನೊಬ್ಬರು ಗಾರ್ಮೆಂಟ್ಸ್‌ನವರು, ಬಾಕಿ 11 ಲಕ್ಷ. ತಿಂಡಿ ಫ್ಯಾಕ್ಟರಿ ಮೇ 20ಕ್ಕೆ ಬಾಗಿಲು ಹಾಕಿತ್ತು. ಗಾರ್ಮೆಂಟ್ಸ್ ಗೋಡೌನ್ ಏಪ್ರಿಲ್ 22ರ ರಾತ್ರಿ ಸುಟ್ಟುಹೋಗಿತ್ತು. ಎರಡೂ ಮಾರ್ಚ್ ಆದಮೇಲೆ ಆದದ್ದು, ಎರಡರಲ್ಲೂ ದುಡ್ಡು ಹೋಗಿದೆ. ಆದರೆ ನಾನು ತಿಂಡಿಯವರ ಬಾಕಿಗೆ ಮಾತ್ರ ಈ ವರ್ಷದ ಲಾಭದಿಂದ ಕಳೆಯಿರಿ ಅಂದೆ, ಗಾರ್ಮೆಂಟ್ಸ್‌ದು ಹಾಗೇ ಇರಲಿ ಅಂದೆ. ಮಾಲೀಕರಿಗೆ ರೇಗಿತು. "ಮೇ ತಿಂಗಳಲ್ಲಿ ಆಗಿದ್ದನ್ನ ಮಾರ್ಚ್ ಲೆಕ್ಕಕ್ಕೆ ಯಾಕೆ ಎಳೀತೀರಾ ಸರ್? ಎಳೆಯೋದಾದ್ರೆ ಎರಡನ್ನೂ ಎಳೀರಿ, ಇಲ್ಲಾ ಎರಡನ್ನೂ ಬಿಡಿ" ಅಂದರು.

ಅವರ ಪ್ರಶ್ನೆಯಲ್ಲಿ ನ್ಯಾಯ ಇದ್ದಹಾಗೇ ಕಾಣುತ್ತೆ, ಅಲ್ವಾ? ಉತ್ತರ ಲೆಕ್ಕದ ನಿಯಮದಲ್ಲಿದೆ. ಸಣ್ಣ ಕಂಪನಿಗಳಿಗೆ ಎಎಸ್ 4, ದೊಡ್ಡ ಮತ್ತು ಲಿಸ್ಟೆಡ್ ಕಂಪನಿಗಳಿಗೆ ಇಂಡ್ ಎಎಸ್ 10. ಎರಡೂ ಕೇಳುವ ಪ್ರಶ್ನೆ ಒಂದೇ. ಸುದ್ದಿ ಯಾವಾಗ ಬಂತು ಅಂತಲ್ಲ, ಆ ಸ್ಥಿತಿ ಮಾರ್ಚ್ 31ರ ರಾತ್ರಿ ಇತ್ತಾ ಇಲ್ವಾ ಅಂತ. ಇತ್ತು, ನಮಗೆ ಆಮೇಲೆ ಗೊತ್ತಾಯಿತು ಅಂದರೆ ಅದು ಅಡ್ಜಸ್ಟಿಂಗ್ ಘಟನೆ, ಅಂಕಿ ಬದಲಾಗಬೇಕು. ಆವತ್ತು ಇರಲೇ ಇಲ್ಲ, ಆಮೇಲೆ ಹುಟ್ಟಿತು ಅಂದರೆ ನಾನ್-ಅಡ್ಜಸ್ಟಿಂಗ್. ಅಂಕಿ ಮುಟ್ಟಬಾರದು, ದೊಡ್ಡದಾಗಿದ್ದರೆ ಬರೆದು ತಿಳಿಸಬೇಕು.

ಈಗ ತಿಂಡಿಯವರ ಫೈಲ್ ತೆಗೆಯೋಣ. ಡಿಸೆಂಬರ್‌ನಲ್ಲಿ ಅವರು ಕೊಟ್ಟ ಚೆಕ್ ಹಣ ಸಾಲದೆ ವಾಪಸ್ ಬಂದಿತ್ತು, ಬ್ಯಾಂಕಿನ ಮೆಮೋ ಫೈಲಿನಲ್ಲೇ ಪಿನ್ ಹೊಡೆದು ಕೂತಿತ್ತು. ಜನವರಿ 15ಕ್ಕೆ 50,000 ರೂಪಾಯಿ ಬಂತು, ಯಾವ ಬಿಲ್ಲಿಗೆ ಅಂತಲೂ ಹೇಳಿರಲಿಲ್ಲ, ಸುಮ್ನೆ ಸಮಾಧಾನಕ್ಕೆ ಕೊಟ್ಟದ್ದು. ಫೆಬ್ರವರಿಯಲ್ಲಿ ನಮ್ಮ ಮಾಲೀಕರೇ ಮಾಲು ಕಳಿಸೋದು ನಿಲ್ಲಿಸಿದ್ದರು. ಯಾಕೆ ನಿಲ್ಲಿಸಿದಿರಿ ಅಂತ ಕೇಳಿದೆ. "ದುಡ್ಡು ಬರ್ತಿರಲಿಲ್ಲ ಸರ್" ಅಂದರು, ಅಂದಮೇಲೆ ಅವರೇ ಸ್ವಲ್ಪ ಹೊತ್ತು ಸುಮ್ಮನಾದರು. ಆ ಪಾರ್ಟಿ ಮೇ 20ರಂದು ಮುಳುಗಲಿಲ್ಲ. ಮಾರ್ಚ್‌ಗೆ ಮೊದಲೇ ಮುಳುಗುತ್ತಿತ್ತು, ಮೇ 20ಕ್ಕೆ ಊರಿಗೆ ಗೊತ್ತಾಯಿತು ಅಷ್ಟೆ. ಬಾಗಿಲು ಹಾಕಿದ್ದು ಹೊಸ ನಷ್ಟವಲ್ಲ, ಹಳೆಯ ನಷ್ಟಕ್ಕೆ ಸಿಕ್ಕ ಸಾಕ್ಷಿ.

ಎಷ್ಟು ಕಳೆಯಬೇಕು ಅನ್ನೋದು ಬೇರೆ ಪ್ರಶ್ನೆ, ಅದಕ್ಕೂ ಮಾರ್ಚ್ ನಂತರದ ಮಾಹಿತಿಯನ್ನೇ ಬಳಸಬೇಕು. ರಾಜಿ ಮಾತುಕತೆಯಲ್ಲಿ 3 ಲಕ್ಷ ಕೊಡ್ತೀವಿ ಅಂತ ಬರೆದುಕೊಟ್ಟಿದ್ದರು, ಅದರಲ್ಲಿ ಒಂದು ಕಂತು ಜುಲೈನಲ್ಲಿ ಬಂದೂ ಇತ್ತು. ಹಾಗಾಗಿ 18ರಲ್ಲಿ 3 ಬಿಟ್ಟು 15 ಲಕ್ಷಕ್ಕೆ ಪ್ರಾವಿಷನ್ ಮಾಡಿಸಿದೆ, ಅಂದರೆ ಇಷ್ಟು ಬರಲ್ಲ ಅಂತ ಅಂದಾಜು ಮಾಡಿ ಲಾಭದಿಂದ ಕಳೆಸಿದೆ. ಒಂದು ಎಚ್ಚರಿಕೆ, ಆದಾಯ ತೆರಿಗೆಗೆ ಬರೀ ಪ್ರಾವಿಷನ್ ಸಾಲದು. ಬಾಕಿಯನ್ನು ಪುಸ್ತಕದಿಂದಲೇ ತೆಗೆದುಹಾಕಿ ನಿಜವಾಗಿ ರೈಟ್ ಆಫ್ ಮಾಡಿದ ವರ್ಷಕ್ಕೆ ಮಾತ್ರ ಖರ್ಚು ಸಿಗುತ್ತೆ. ಲಾಭವೂ ಇಳಿಯಿತು, ತೆರಿಗೆಯೂ ಇಳಿಯಲಿಲ್ಲ ಅಂತ ಮಾಲೀಕರು ಎರಡನೇ ಸಲ ರೇಗಿದ್ದು ಇದಕ್ಕೇ.

ಗಾರ್ಮೆಂಟ್ಸ್ ಫೈಲ್ ಬೇರೆಯೇ ಕಥೆ ಹೇಳುತ್ತಿತ್ತು. ವರ್ಷವಿಡೀ 45 ದಿನದೊಳಗೆ ಪೇಮೆಂಟ್. ಮಾರ್ಚ್ ಮುಗಿದು ಹತ್ತು ದಿನಕ್ಕೆ, ಏಪ್ರಿಲ್ 10ಕ್ಕೆ, 11 ಲಕ್ಷದಲ್ಲಿ 4 ಲಕ್ಷ ಬಂದೂ ಆಗಿತ್ತು. ಆಮೇಲೆ ಬೆಂಕಿ. ಇನ್ಶೂರೆನ್ಸ್ ರಿನ್ಯೂ ಮಾಡಿರಲಿಲ್ಲವಂತೆ, ಉಳಿದ 7 ಲಕ್ಷ ಬರೋದು ಕಷ್ಟ. ಆದರೆ ಮಾರ್ಚ್ 31ರ ರಾತ್ರಿ ಆ ಗೋಡೌನ್ ಸರಿಯಾಗೇ ಇತ್ತು, ಆ ಪಾರ್ಟಿಯೂ ಸರಿಯಾಗೇ ಇತ್ತು. ಆವತ್ತಿನ 11 ಲಕ್ಷ ಒಳ್ಳೇ ಬಾಕಿ. ಏಪ್ರಿಲ್ 22ರ ಬೆಂಕಿಯ ನಷ್ಟ ಏಪ್ರಿಲ್ 22 ಬರುವ ವರ್ಷಕ್ಕೇ ಸೇರಬೇಕು. ಈ ವರ್ಷದ ಅಂಕಿ ಮುಟ್ಟಲಿಲ್ಲ. ಆದರೆ ಈ ಕಂಪನಿಗೆ 7 ಲಕ್ಷ ಸಣ್ಣ ಮೊತ್ತ ಅಲ್ಲ, ಹಾಗಾಗಿ ನಿರ್ದೇಶಕರ ವರದಿಯಲ್ಲಿ ಏನಾಯಿತು, ಅಂದಾಜು ಎಷ್ಟು ಹೊಡೆತ ಅಂತ ಎರಡು ಸಾಲು ಬರೆಸಿದೆ. ಎಎಸ್ 4ರಲ್ಲಿ ಈ ಮಾತು ಬರುವ ಜಾಗ ಅದೇ. ಕಂಪನಿ ಕಾಯ್ದೆಯ ಸೆಕ್ಷನ್ 134 ಕೂಡ ವರ್ಷ ಮುಗಿದಾಗಿನಿಂದ ವರದಿಯ ದಿನದವರೆಗೆ ಆದ ದೊಡ್ಡ ಬದಲಾವಣೆಗಳನ್ನು ಅಲ್ಲಿ ಹೇಳಬೇಕು ಅನ್ನುತ್ತೆ. ಇಂಡ್ ಎಎಸ್ ಕಂಪನಿಯಾದರೆ ಲೆಕ್ಕದ ಟಿಪ್ಪಣಿಯಲ್ಲೇ ಬರಬೇಕು.

ಇಷ್ಟು ಸಲೀಸಾಗಿ ಎಲ್ಲ ಕೇಸೂ ಬರಲ್ಲ. ಬೆಂಕಿ ಬಿದ್ದ ಗಿರಾಕಿಯೇ ಮೊದಲಿನಿಂದಲೂ ದುಡ್ಡು ಕೊಡದೆ ಸತಾಯಿಸುತ್ತಿದ್ದವರಾಗಿದ್ದರೆ? ಇಂಥಲ್ಲಿ ನಾನು ಬೆಂಕಿಯನ್ನು ಪಕ್ಕಕ್ಕಿಟ್ಟು ಕೇಳ್ತೀನಿ: ಬೆಂಕಿ ಬೀಳದೇ ಇದ್ದಿದ್ದರೆ ಈ ಬಾಕಿಯಲ್ಲಿ ಎಷ್ಟು ವಸೂಲಾಗ್ತಿತ್ತು? 200 ದಿನ ಹಳೆಯ ಬಿಲ್ಲು, ಎರಡು ಸಲ ಬೌನ್ಸ್ ಆದ ಚೆಕ್ಕು ಇದ್ದರೆ ಅರ್ಧವೋ ಮುಕ್ಕಾಲೋ ಮಾರ್ಚ್‌ನಲ್ಲೇ ಹೋದ ಹಾಗೆ. ಅಷ್ಟು ಈ ವರ್ಷಕ್ಕೆ, ಬೆಂಕಿಯಿಂದ ಹೋದ ಉಳಿಕೆ ಮುಂದಿನ ವರ್ಷಕ್ಕೆ. ಬೆಂಕಿ ಬಿತ್ತು ಅಂತ ಹಳೆಯ ಪಾಪವನ್ನೆಲ್ಲ ಅದರ ತಲೆಗೆ ಕಟ್ಟೋದು ನಾನು ಜಾಸ್ತಿ ನೋಡಿರುವ ತಪ್ಪು.

ನೆನಪಿದೆಯಾ, ಕೋವಿಡ್ ಸಮಯದಲ್ಲಿ ಇದೇ ಪ್ರಶ್ನೆ ಜಗತ್ತಿನಾದ್ಯಂತ ಎದ್ದಿತ್ತು. 31 ಡಿಸೆಂಬರ್ 2019ಕ್ಕೆ ಲೆಕ್ಕ ಮುಗಿಸುವ ವಿದೇಶಿ ಕಂಪನಿಗಳಿಗೆ ಸಾಮಾನ್ಯವಾಗಿ ಅದು ನಾನ್-ಅಡ್ಜಸ್ಟಿಂಗ್ ಅಂತಲೇ ಪರಿಗಣಿಸಿದರು, ಯಾಕೆಂದರೆ ಲಾಕ್‌ಡೌನು, ವ್ಯಾಪಾರ ನಿಂತದ್ದು ಎಲ್ಲ 2020ರಲ್ಲಿ. ನಮ್ಮಲ್ಲಿ ಲಾಕ್‌ಡೌನ್ ಶುರುವಾದದ್ದು 25 ಮಾರ್ಚ್ 2020ಕ್ಕೆ, ಲೆಕ್ಕ ಮುಗಿಯಲು ಇನ್ನೂ ಒಂದು ವಾರ ಇತ್ತು. ಹಾಗಾಗಿ ನಮ್ಮ ಕಂಪನಿಗಳು ಆವತ್ತಿನ ಬಾಕಿ, ಸ್ಟಾಕು ಎಲ್ಲವನ್ನೂ ಆ ಸ್ಥಿತಿ ಲೆಕ್ಕಕ್ಕೆ ಹಿಡಿದೇ ಅಳೆಯಬೇಕಾಯಿತು. ಅದೇ ರೋಗ, ಮೂರು ತಿಂಗಳ ವ್ಯತ್ಯಾಸ, ಲೆಕ್ಕ ಬೇರೆ.

ಇಂಥ ಘಟನೆಗಳನ್ನು ಯಾರೂ ತಾವಾಗಿ ಬಂದು ಹೇಳಲ್ಲ, ಹುಡುಕಬೇಕು. ನಾನು ಮೊದಲು ಕೇಳೋದು ಏಪ್ರಿಲ್‌ನಿಂದ ಸೈನ್ ಮಾಡುವ ದಿನದವರೆಗಿನ ಬ್ಯಾಂಕ್ ಸ್ಟೇಟ್‌ಮೆಂಟ್, ಆಮೇಲೆ ಗಿರಾಕಿಯ ಬಿಲ್ ಮೊತ್ತ ಇಳಿಸಿ ಕೊಡುವ ಕ್ರೆಡಿಟ್ ನೋಟ್‌ಗಳ ಫೈಲ್. ಇದೇ ಕಂಪನಿಯಲ್ಲಿ ಮೇ 6ರ ತಾರೀಖಿನ ಒಂದು ಕ್ರೆಡಿಟ್ ನೋಟ್ ಸಿಕ್ಕಿತು, ತೆರಿಗೆ ಬಿಟ್ಟು 2.40 ಲಕ್ಷ, ಕಾರಣ ಅಂತ "ಕ್ವಾಲಿಟಿ ರಿಜೆಕ್ಷನ್" ಅಂತ ಬರೆದಿತ್ತು. ಮೂಲ ಬಿಲ್ ಮಾರ್ಚ್ 29ರದ್ದು. ಆರ್ಡರ್‌ನಲ್ಲಿ ಹೇಳಿದ್ದಕ್ಕಿಂತ ತೆಳು ಕಾಗದ ಹಾಕಿ ಬಾಕ್ಸ್ ಮಾಡಿದ್ದರು. ಬಾಕ್ಸ್ ತೆಳು ಇದ್ದದ್ದು ಮಾರ್ಚ್ 29ರಂದೇ, ಗಿರಾಕಿ ಬಂಡಲ್ ಬಿಚ್ಚಿ ನೋಡಿದ್ದು ಏಪ್ರಿಲ್ ಕೊನೆಗೆ. ಇದೂ ಅಡ್ಜಸ್ಟಿಂಗ್. ಅಕೌಂಟೆಂಟ್ ಹುಡುಗ "ಜಿಎಸ್‌ಟಿ ರಿಟರ್ನ್‌ನಲ್ಲಿ ಮೇ ತಿಂಗಳಿಗೆ ಹೋಗಿದೆ ಸರ್" ಅಂದ. ಅದು ಸರಿಯೇ, ಜಿಎಸ್‌ಟಿ ನೋಟಿನ ತಾರೀಖು ನೋಡುತ್ತೆ, ಅಲ್ಲಿ ಹಾಗೇ ಇರಲಿ. ನಮ್ಮ ಪುಸ್ತಕ ಸ್ಥಿತಿಯ ತಾರೀಖು ನೋಡುತ್ತೆ. ವಾರ್ಷಿಕ ರಿಟರ್ನ್ ಹೊತ್ತಿಗೆ ಆ ವ್ಯತ್ಯಾಸ ತೋರಿಸಿಕೊಂಡರಾಯಿತು.

ವಾಪಸ್ ಬಂದ ಆ ಮಾಲಿನ ರದ್ದಿ ಬೆಲೆ ಪಕ್ಕಕ್ಕಿಟ್ಟರೆ, 42ರಲ್ಲಿ 15 ಹೋಯಿತು, 2.40 ಹೋಯಿತು, ಉಳಿದದ್ದು 24.60 ಲಕ್ಷ.

ಡಿವಿಡೆಂಡ್ ಬಗ್ಗೆ ಒಂದು ಮಾತು. ಮೊದಲು ಎಎಸ್ 4ರಲ್ಲಿ, ವರ್ಷ ಮುಗಿದಮೇಲೆ ಪ್ರಸ್ತಾಪಿಸಿದ ಡಿವಿಡೆಂಡನ್ನೂ ಆ ವರ್ಷದ ಹೊಣೆಯಾಗಿ ತೋರಿಸುತ್ತಿದ್ದೆವು. 2016ರ ತಿದ್ದುಪಡಿ ಬಂದಮೇಲೆ ಅದು ನಿಂತಿದೆ, ಟಿಪ್ಪಣಿಯಲ್ಲಿ ಹೇಳಿದರೆ ಸಾಕು. ಹಳೆಯ ಎಕ್ಸೆಲ್ ಫಾರ್ಮ್ಯಾಟ್ ಇಟ್ಟುಕೊಂಡವರು ಈಗಲೂ ಒಮ್ಮೊಮ್ಮೆ ಹಾಕಿಬಿಡ್ತಾರೆ.

ಇನ್ನೊಂದು ಕಡೆ ಈ ಇಡೀ ವಿಂಗಡಣೆಯೇ ಕೆಲಸಕ್ಕೆ ಬರಲ್ಲ. ಏಪ್ರಿಲ್‌ನಲ್ಲಿ ಸುಟ್ಟದ್ದು ಗಿರಾಕಿಯ ಗೋಡೌನ್ ಅಲ್ಲ, ನಮ್ಮ ಬಾಕ್ಸ್ ಫ್ಯಾಕ್ಟರಿಯೇ ಅಂದುಕೊಳ್ಳಿ. ಮತ್ತೆ ಶುರು ಮಾಡುವ ದಾರಿಯೇ ಇಲ್ಲ, ಕಂಪನಿ ಮುಚ್ಚಲೇಬೇಕು. ಬೆಂಕಿ ಏಪ್ರಿಲ್‌ದೇ ಇರಬಹುದು, ಆದರೂ ಮಾರ್ಚ್ ಲೆಕ್ಕವನ್ನು ನಡೆಯುವ ಕಂಪನಿಯ ಲೆಕ್ಕದ ಹಾಗೆ ಬರೆಯುವಂತಿಲ್ಲ. ಯಂತ್ರ, ಸ್ಟಾಕು ಎಲ್ಲದರ ಬೆಲೆ ಕಟ್ಟುವ ರೀತಿಯೇ ಬದಲಾಗುತ್ತೆ. ಫ್ಯಾಕ್ಟರಿ ಸುಟ್ಟರೂ ಬೇರೆ ಶೆಡ್ಡಿನಲ್ಲಿ ಕೆಲಸ ನಡೆಯುತ್ತೆ ಅಂತಾದರೆ ಮಾತ್ರ ಅದು ಮಾಮೂಲಿ ನಾನ್-ಅಡ್ಜಸ್ಟಿಂಗ್.

ಕೊನೆಗೆ ಮಾಲೀಕರು ಇನ್ನೊಂದು ಪ್ರಶ್ನೆ ಹಾಕಿದರು, ಇದು ಚೆನ್ನಾಗಿತ್ತು. "ಮೇ 10ಕ್ಕೇ ಬೋರ್ಡ್ ಮೀಟಿಂಗ್ ಮಾಡಿ ಲೆಕ್ಕ ಪಾಸ್ ಮಾಡಿದ್ದರೆ ತಪ್ಪಿಸಿಕೊಳ್ತಿದ್ದೆವಾ?" ಸ್ವಲ್ಪ ಮಟ್ಟಿಗೆ ಹೌದು. ನೋಡಬೇಕಾದ ಅವಧಿ ನಿರ್ದೇಶಕರ ಮಂಡಳಿ ಲೆಕ್ಕಕ್ಕೆ ಒಪ್ಪಿಗೆ ಕೊಡುವ ದಿನಕ್ಕೆ ಮುಗಿಯುತ್ತೆ, ಮೇ 20ರ ಸಂಗತಿ ಅದರಿಂದ ಹೊರಗೆ ಉಳೀತಿತ್ತು. ಆದರೆ ಬೌನ್ಸ್ ಆದ ಚೆಕ್, ನಿಲ್ಲಿಸಿದ ಸಪ್ಲೈ ಎಲ್ಲ ಫೈಲಿನಲ್ಲಿ ಇತ್ತಲ್ಲ. ಅದನ್ನು ನೋಡಿದ ಮೇಲೆ 15 ಅಲ್ಲದಿದ್ದರೂ 9 ಲಕ್ಷಕ್ಕಾದರೂ ನಾನು ಪ್ರಾವಿಷನ್ ಕೇಳ್ತಿದ್ದೆ. ಮೀಟಿಂಗ್ ಆಗಸ್ಟ್‌ನಲ್ಲಿ ಮಾಡಿ ಮಿನಿಟ್ಸ್‌ಗೆ ಮಾತ್ರ ಮೇ 10 ಅಂತ ತಾರೀಖು ಹಾಕೋಣವಾ ಅಂತ ಅವರು ಕೇಳಲಿಲ್ಲ, ಕೇಳಿದವರನ್ನೂ ನೋಡಿದ್ದೀನಿ. ಆಡಿಟ್ ವರದಿಗೆ ಯುಡಿಐಎನ್ ಅನ್ನೋ ಗುರುತಿನ ಸಂಖ್ಯೆಯನ್ನು ಆನ್‌ಲೈನಿನಲ್ಲಿ ತೆಗೆಯಬೇಕು, ಅದಕ್ಕೆ ಸೈನ್ ಮಾಡಿದ ದಿನದಿಂದ 60 ದಿನದ ಗಡುವು ಇದೆ. ಆಗಸ್ಟ್ ಕೊನೆಯಲ್ಲಿ ಕೂತು ಮೇ 10ರ ಸೈನ್ ತೋರಿಸಲು ಆಗಲ್ಲ. ಆಗುವಂತಿದ್ದರೂ ನಾನಂತೂ ಮಾಡಲ್ಲ.

ಬೋರ್ಡ್ ಮೀಟಿಂಗ್ ಆಗಸ್ಟ್ 28ಕ್ಕೆ ಆಯಿತು. 24.60 ಲಕ್ಷದ ಲೆಕ್ಕಕ್ಕೇ ಸೈನ್ ಬಿತ್ತು. ಗಾರ್ಮೆಂಟ್ಸ್‌ನವರು ಆಮೇಲೆ 7ರಲ್ಲಿ 2 ಲಕ್ಷ ಕೊಟ್ಟರು, ಉಳಿದ 5 ಲಕ್ಷವನ್ನು 2025-26ರ ಪುಸ್ತಕದಲ್ಲಿ ರೈಟ್ ಆಫ್ ಮಾಡಿದ್ದಾರೆ.