ಆರು ದೃಢೀಕರಣಗಳ ಲೆಕ್ಕ ಎಲ್ಲಿಂದ ಬಂತು?

ಬಿಟ್‌ಕಾಯಿನ್ ಪಾವತಿ ಬಂದರೆ ಆರು ದೃಢೀಕರಣಗಳವರೆಗೆ ಕಾಯಬೇಕೆಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಬೈಕಂಪಾಡಿಯ ಗೇರುಬೀಜ ರಫ್ತುದಾರರೊಬ್ಬರಿಗೆ ವಿದೇಶದ ಗ್ರಾಹಕನೊಬ್ಬ ಬಿಟ್‌ಕಾಯಿನ್‌ನಲ್ಲಿ ಹಣ ಕಳುಹಿಸಿದನೆಂದು ಕಲ್ಪಿಸಿಕೊಳ್ಳೋಣ. ಪಾವತಿ ವಹಿವಾಟುಗಳ ಕಂತೆಯಾದ ಒಂದು ಬ್ಲಾಕ್‌ಗೆ ಸೇರಿ, ಅದರ ಮೇಲೆ ಇನ್ನೊಂದು ಬ್ಲಾಕ್ ಬಂದು, ಎರಡು ದೃಢೀಕರಣಗಳಾಗಿವೆ. ಅಷ್ಟರಲ್ಲಿ, ಪಾವತಿಯಿದ್ದ ಬ್ಲಾಕ್‌ಗಿಂತ ಹಿಂದಿನಿಂದಲೇ ಕವಲೊಡೆದು ಗುಟ್ಟಾಗಿ ಬೆಳೆದಿದ್ದ ಮೂರು ಬ್ಲಾಕ್‌ಗಳ ಸರಪಳಿ ಪ್ರಕಟವಾಗುತ್ತದೆ. ಜಾಲದ ಗಣಕಗಳಾದ ನೋಡ್‌ಗಳು ಹೆಚ್ಚು ಗಣನೆಯ ಕೆಲಸ ಸೇರಿರುವ ಸರಪಳಿಯನ್ನೇ ಒಪ್ಪುವುದರಿಂದ, ಹಳೆಯ ಎರಡು ಬ್ಲಾಕ್‌ಗಳನ್ನು ಕಳಚಿ ಹೊಸ ಮೂರನ್ನು ಜೋಡಿಸಿಕೊಳ್ಳುತ್ತವೆ.

ಇಲ್ಲಿ ನಾನೂ ಮೊದಲು ಎಡವಿದ್ದೆ: ಬ್ಲಾಕ್ ಕಳಚಿದ ಮಾತ್ರಕ್ಕೆ ಹಣ ಮಾಯವಾಗುವುದಿಲ್ಲ. ಸಾಮಾನ್ಯವಾಗಿ ಕಳಚಿದ ವಹಿವಾಟು ಮತ್ತೆ ಕಾಯುವ ಸಾಲಿಗೆ ಮರಳಿ, ಮುಂದಿನ ಯಾವುದೋ ಬ್ಲಾಕ್‌ಗೆ ಸೇರುತ್ತದೆ. ಆದರೆ ಗ್ರಾಹಕನು ಅದೇ ನಾಣ್ಯವನ್ನು ತನ್ನದೇ ಇನ್ನೊಂದು ವಿಳಾಸಕ್ಕೆ ಕಳುಹಿಸುವ ವಹಿವಾಟನ್ನು ಹೊಸ ಸರಪಳಿಯೊಳಗೆ ಸೇರಿಸಿಟ್ಟಿದ್ದರೆ, ಹಳೆಯ ಪಾವತಿ ಆ ಸರಪಳಿಯಲ್ಲಿ ಇನ್ನೆಂದೂ ಸಿಂಧುವಾಗದು. ಬಿಟ್‌ಕಾಯಿನ್ ಕೋರ್ ಬಳಸುವವರು `gettransaction` ಆದೇಶ ಕೊಟ್ಟರೆ `confirmations` ಋಣ ಸಂಖ್ಯೆಯಾಗಿರುವುದನ್ನು ಕಾಣಬಹುದು.

ಹಾಗಾದರೆ ಎಷ್ಟು ಕಾಯಬೇಕು? ಸತೋಶಿ ನಕಾಮೊಟೊ 2008ರ ಪ್ರಬಂಧದಲ್ಲಿ ಮಾಡಿದ ಲೆಕ್ಕದಂತೆ, ಬ್ಲಾಕ್‌ಗಳನ್ನು ಸೃಷ್ಟಿಸುವ ಗಣನಾಬಲ, ಅಂದರೆ ಜಾಲದ ಗಣಿಗಾರಿಕಾ ಬಲದ ಶೇ. 10ರಷ್ಟು ವಂಚಕನ ಕೈಯಲ್ಲಿದ್ದರೆ, 2 ದೃಢೀಕರಣಗಳ ನಂತರವೂ ಅವನು ಗೆಲ್ಲುವ ಸಾಧ್ಯತೆ ಸುಮಾರು ಶೇ. 5, 6ರ ನಂತರ ಸುಮಾರು ಶೇ. 0.02. ಆದರೆ ಅವನ ಬಲ ಶೇ. 30 ಆಗಿದ್ದರೆ, ಸಾಧ್ಯತೆಯನ್ನು ಶೇ. 0.1ಕ್ಕಿಂತ ಕೆಳಗಿಳಿಸಲು 24 ಬೇಕಾಗುತ್ತವೆ. ಎಲ್ಲರೂ ಮಂತ್ರದಂತೆ ಹೇಳುವ ಆರು, ಹೀಗೆ ವಂಚಕನ ಬಲದ ಬಗೆಗಿನ ಒಂದು ಊಹೆಯ ಮೇಲೆ ನಿಂತಿದೆ. ಗಣಿಗಾರಿಕೆ ತೆಳುವಾಗಿರುವ ಸಣ್ಣ ನಾಣ್ಯಗಳಿಗೆ ಆ ಊಹೆ ಒಗ್ಗುವುದಿಲ್ಲ: 2020ರ ಆಗಸ್ಟ್‌ನಲ್ಲಿ ಇಥೀರಿಯಮ್ ಕ್ಲಾಸಿಕ್‌ನ ಸಾವಿರಾರು ಬ್ಲಾಕ್‌ಗಳು ಒಮ್ಮೆಲೇ ಕಳಚಿದ್ದವು.

ಸೂತ್ರಕ್ಕೆ ಸಿಗದ ಅಪಾಯವೂ ಇದೆ. 2013ರ ಮಾರ್ಚ್‌ನಲ್ಲಿ ಬಿಟ್‌ಕಾಯಿನ್ ತಂತ್ರಾಂಶದ 0.8ನೇ ಆವೃತ್ತಿ ಒಪ್ಪಿದ ಬ್ಲಾಕ್ ಒಂದನ್ನು ಹಳೆಯ ಆವೃತ್ತಿಯ ನೋಡ್‌ಗಳು ತಿರಸ್ಕರಿಸಿದ್ದರಿಂದ ಜಾಲವೇ ಎರಡಾಯಿತು. ಗಣಿಗಾರರು ಹಳೆಯ ಆವೃತ್ತಿಗೆ ಮರಳಿದಾಗ 0.8ರ ಕಡೆಯ 24 ಬ್ಲಾಕ್‌ಗಳು ಅನಾಥವಾದವು. ಅಂಥ ದಿನ ಆರು ದೃಢೀಕರಣ ಎಣಿಸಿ ಸರಕು ಕೊಟ್ಟವನಿಗೂ ರಕ್ಷಣೆಯಿರಲಿಲ್ಲ. ಎರಡೂ ಆವೃತ್ತಿಯ ನೋಡ್‌ಗಳನ್ನು ಗಮನಿಸುತ್ತಿದ್ದವನಿಗೆ ಮಾತ್ರ ಕವಲು ಕಾಣುತ್ತಿತ್ತು.

ನಮ್ಮ ರಫ್ತುದಾರರ ವಿಷಯಕ್ಕೆ ಮರಳಿದರೆ, ಅವರು ಎಣಿಸಬೇಕಾದದ್ದು ಸರಕು ಕೈತಪ್ಪುವ ಗಳಿಗೆಯವರೆಗೆ. ಕಂಟೇನರ್ ತುಂಬಿ ಪಣಂಬೂರು ಬಂದರಿನಿಂದ ಹಡಗು ಹೊರಡಲು ಒಂದು ದಿನ ಹಿಡಿದರೂ, ಹತ್ತು ನಿಮಿಷಕ್ಕೊಂದರಂತೆ ಸುಮಾರು 144 ಬ್ಲಾಕ್‌ಗಳು ಬಂದಿರುತ್ತವೆ. ಕಾಯುವುದಕ್ಕೆ ಅವರಿಗೆ ಪ್ರತ್ಯೇಕ ಖರ್ಚಿಲ್ಲ. ಒಂದು ಗಡ್‌ಬಡ್ ಐಸ್‌ಕ್ರೀಮ್ ಮಾರುವವರಿಗಾದರೋ ಒಂದು ದೃಢೀಕರಣವೂ ದೀರ್ಘವೇ, ಏಕೆಂದರೆ ಅಷ್ಟರಲ್ಲಿ ಐಸ್‌ಕ್ರೀಮ್ ಕರಗಿರುತ್ತದೆ; ದೃಢೀಕರಣಕ್ಕೆ ಮೊದಲೇ ಕೊಟ್ಟರೆ ವಂಚಕನಿಗೆ ಗುಟ್ಟಾಗಿ ಗಣಿ ಮಾಡುವ ಖರ್ಚೂ ಬೇಕಿಲ್ಲ, ಆದರೆ ನಷ್ಟವಾದರೂ ಮೊತ್ತ ಸಣ್ಣದು. ಅತ್ಯಂತ ಕಠಿಣ ಸ್ಥಿತಿ ದುಬಾರಿ ತಂತ್ರಾಂಶದ ಪರವಾನಗಿ ಕೀಲಿಯನ್ನು ಮಿಂಚಂಚೆಯಲ್ಲಿ ಮಾರುವ ಮಣಿಪಾಲದ ಅಂಗಡಿಯದು: ಮೊತ್ತ ದೊಡ್ಡದು, ಕೊಟ್ಟದ್ದು ಆ ಕ್ಷಣವೇ ಹೋಯಿತು. ಕೀಲಿಯನ್ನು ದೂರದಿಂದಲೇ ರದ್ದುಮಾಡುವ ವ್ಯವಸ್ಥೆ ಇಲ್ಲದಿದ್ದರೆ ಅವರು ಆರಕ್ಕೆ ನಿಲ್ಲದೆ ಇನ್ನೂ ಕೆಲವು ಗಂಟೆ ಕಾಯುವುದೇ ಲೇಸು.