ಬೆಂಕಿ ಕಡ್ಡಿ ಗೀರಿದರೆ ಉರಿಯುತ್ತೆ, ಹಾಗಾದ್ರೆ ಈ ಸ್ಯಾನಿಟೈಸರ್ ಅಸಲಿನಾ?

ಓದುಗರ ಪ್ರಶ್ನೆ: ನಮ್ಮ ಅಂಗನವಾಡಿಗೆ ಯಾರೋ ದಾನಿಗಳು ಐದು ಲೀಟರಿನ ಸ್ಯಾನಿಟೈಸರ್ ಕ್ಯಾನ್ ಕೊಟ್ಟಿದ್ದಾರೆ. ಒಬ್ಬರು ಚಮಚಕ್ಕೆ ಸ್ವಲ್ಪ ಹಾಕಿ ಬೆಂಕಿ ಕಡ್ಡಿ ತೋರಿಸಿ, "ನೋಡಿ, ಉರೀತಿದೆ, ಅಸಲಿ" ಅಂದರು. ಇನ್ನೊಬ್ಬರು ಟಿಶ್ಯೂ ಪೇಪರ್ ಮೇಲೆ ಬಾಲ್‌ಪೆನ್ನಲ್ಲಿ ಗೆರೆ ಎಳೆದು ಒಂದು ಹನಿ ಹಾಕಿ ನೋಡಿ, ಗೆರೆ ಹರಡಿದರೆ ಅಸಲಿ ಅಂತಾರೆ. ಯಾವುದನ್ನು ನಂಬೋದು? ಮಕ್ಕಳ ಊಟಕ್ಕೆ ಮುಂಚೆ ಇದನ್ನೇ ಹಚ್ಚಿದರೆ ಸಾಕಾ?

ಉತ್ತರ: ಎರಡನ್ನೂ ನಂಬಬೇಡಿ. ಬೆಂಕಿಯ ಪರೀಕ್ಷೆಯನ್ನಂತೂ ಇನ್ನೊಮ್ಮೆ ಮಾಡಲೇಬೇಡಿ.

ಕೊರೊನಾ ಕಾಲದಲ್ಲಿ ವಾಟ್ಸಾಪಿನಲ್ಲಿ ಓಡಾಡಿದ ಪರೀಕ್ಷೆಗಳು ಇವು. ಒಳಗೆ ಆಲ್ಕೋಹಾಲ್ ಥರದ್ದು ಏನೋ ಇದೆ ಅಂತ ಇವು ಹೇಳಬಹುದು, ಅಷ್ಟೇ. ನಮಗೆ ಬೇಕಾಗಿರೋದು ಅದು ಎಷ್ಟಿದೆ, ಯಾವ ಆಲ್ಕೋಹಾಲ್ ಅನ್ನೋದು. ನಮ್ಮಲ್ಲಿ ಮಾರುವ ವಿಸ್ಕಿಯಲ್ಲಿ ಸಾಮಾನ್ಯವಾಗಿ 42.8% ಆಲ್ಕೋಹಾಲ್ ಇರುತ್ತದೆ. ಸ್ವಲ್ಪ ಬೆಚ್ಚಗೆ ಮಾಡಿ ಕಡ್ಡಿ ಗೀರಿದರೆ ಅದೂ ಉರಿಯುತ್ತದೆ. ಹಾಗಂತ ವಿಸ್ಕಿಯಲ್ಲಿ ಕೈ ಉಜ್ಜಿಕೊಂಡರೆ ರೋಗಾಣು ಸಾಯುತ್ತವೆ ಅನ್ನೋ ಭರವಸೆ ಇಲ್ಲ. ಸ್ಯಾನಿಟೈಸರಿನಲ್ಲಿ ಎಥನಾಲ್ ಕನಿಷ್ಠ 60% ಇರಬೇಕು. ಐಸೋಪ್ರೊಪೈಲ್ ಆಲ್ಕೋಹಾಲ್ ಆದರೆ 70% ಇದ್ದರೆ ಒಳ್ಳೆಯದು. 45% ಇರುವುದಕ್ಕೂ 70% ಇರುವುದಕ್ಕೂ ಇರುವ ವ್ಯತ್ಯಾಸ ಬೆಂಕಿಗೆ ಗೊತ್ತಾಗುವುದಿಲ್ಲ.

ಇದಕ್ಕಿಂತ ದೊಡ್ಡ ತೊಂದರೆ ಮೆಥನಾಲ್. ಅದು ಕೈಗಾರಿಕೆಗೆ ಬಳಸುವ ಅಗ್ಗದ ಆಲ್ಕೋಹಾಲ್, ಮನುಷ್ಯರಿಗೆ ವಿಷ. ಹೊಟ್ಟೆಗೆ ಹೋದರೆ ಕಣ್ಣು ಹೋಗಬಹುದು, ಜೀವವೂ ಹೋಗಬಹುದು. ಚರ್ಮದ ಮೂಲಕವೂ ಒಳಗೆ ಸೇರುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಮೆಥನಾಲ್ ಸೇರಿದ್ದ ಸ್ಯಾನಿಟೈಸರ್‌ಗಳ ಉದ್ದದ ಪಟ್ಟಿಯನ್ನೇ ಹೊರಡಿಸಬೇಕಾಯಿತು. ಮೆಥನಾಲ್ ಕೂಡ ಚೆನ್ನಾಗಿ ಉರಿಯುತ್ತದೆ, ಪೆನ್ನಿನ ಗೆರೆಯನ್ನೂ ಹರಡಿಸುತ್ತದೆ. ಮೂಸಿ ನೋಡಿಯೂ ಗುರುತು ಹಿಡಿಯೋಕೆ ಆಗಲ್ಲ. ಲ್ಯಾಬಿನಲ್ಲಿ ಗ್ಯಾಸ್ ಕ್ರೊಮಾಟೋಗ್ರಫಿ ಥರದ ಪರೀಕ್ಷೆ ಮಾಡಿದರೇನೇ ಗೊತ್ತಾಗೋದು.

ಹಾಗಾಗಿ ಮನೆಯಲ್ಲಿ ಕೂತು ನಾವು ಪರೀಕ್ಷೆ ಮಾಡಬಹುದಾದದ್ದು ಲೇಬಲ್ ಒಂದೇ. ಅದನ್ನೂ ಸ್ವಲ್ಪ ಅನುಮಾನದಿಂದಲೇ ಓದಬೇಕು. ಒಂದು ಉದಾಹರಣೆ ನೋಡೋಣ. ನಿಮ್ಮ ಕ್ಯಾನಿನ ಮೇಲೆ ಹೀಗೆ ಬರೆದಿದೆ ಅಂದುಕೊಳ್ಳಿ: "ಈಥೈಲ್ ಆಲ್ಕೋಹಾಲ್ (95%): 60% v/v". ಈಥೈಲ್ ಆಲ್ಕೋಹಾಲ್ ಅಂದರೆ ಎಥನಾಲೇ. ಎದ್ದು ಕಾಣುವ 95 ನೋಡಿ ಭಾರಿ ಸ್ಟ್ರಾಂಗ್ ಅನಿಸುತ್ತದೆ, ಅಲ್ವಾ? ಆದರೆ ಅದು ಕಾರ್ಖಾನೆಯವರು ತಂದ ಸ್ಪಿರಿಟ್ಟಿನ ಗಟ್ಟಿತನ. ಅದರಲ್ಲೇ ನೂರಕ್ಕೆ ಐದು ಭಾಗ ನೀರು. ಆ ಸ್ಪಿರಿಟ್ಟನ್ನು ನೂರು ಮಿಲಿಗೆ ಅರವತ್ತು ಮಿಲಿಯಷ್ಟು ಹಾಕಿದ್ದಾರೆ. ಅಂದರೆ ಅಸಲು ಎಥನಾಲ್ 60ರಲ್ಲಿ 95%, ಲೆಕ್ಕ ಹಾಕಿದರೆ 57%. ಬೇಕಾದ ಮಟ್ಟಕ್ಕಿಂತ ಕೆಳಗೇ ಉಳಿಯಿತು. ಇದೇ ಜಾಗದಲ್ಲಿ 74% v/v ಅಂತ ಇದ್ದಿದ್ದರೆ ಸುಮಾರು 70% ಆಗುತ್ತಿತ್ತು, ತೊಂದರೆ ಇರಲಿಲ್ಲ.

v/v ಅಂದರೆ ಅಳತೆ ಮಿಲಿ ಲೆಕ್ಕದಲ್ಲಿ, w/w ಅಂದರೆ ತೂಕದ ಲೆಕ್ಕದಲ್ಲಿ. ಆಲ್ಕೋಹಾಲ್ ನೀರಿಗಿಂತ ಹಗುರ. ಹಾಗಾಗಿ 60% w/w ಅಂತಿದ್ದರೆ ಅದು ಸುಮಾರು 68% v/v ಆಗುತ್ತದೆ. ಶೇಕಡಾವಾರನ್ನೇ ಬರೆಯದೆ "99.9% ಕೀಟಾಣು ನಾಶ" ಅಂತ ಮಾತ್ರ ದೊಡ್ಡದಾಗಿ ಹಾಕಿದ್ದರೆ ನಾನಾದರೆ ವಾಪಸ್ ಇಡುತ್ತೇನೆ. ಆ 99.9 ಲ್ಯಾಬಿನ ಮಾತು, ಜಿಡ್ಡು ಮಣ್ಣು ಹತ್ತಿದ ಕೈಯ ಮಾತಲ್ಲ. ತಯಾರಕರ ಲೈಸೆನ್ಸ್ ನಂಬರು, ವಿಳಾಸ, ಬ್ಯಾಚ್ ನಂಬರು, ಎಕ್ಸ್‌ಪೈರಿ ದಿನಾಂಕ, ಇವಿಷ್ಟೂ ಇರಬೇಕು. ಇವು ಇದ್ದ ಮಾತ್ರಕ್ಕೆ ಮಾಲು ಅಸಲಿ ಅಂತ ಖಾತ್ರಿ ಇಲ್ಲ. ಇಲ್ಲದಿದ್ದರೆ ಮಾತ್ರ ಮುಟ್ಟದಿರುವುದೇ ವಾಸಿ.

"ಹಾಗಾದ್ರೆ 100% ಇದ್ದರೆ ಇನ್ನೂ ಒಳ್ಳೇದಲ್ವಾ?" ಅಂತ ಕೇಳುವವರಿದ್ದಾರೆ. ಅಲ್ಲ. ಆಲ್ಕೋಹಾಲ್ ರೋಗಾಣುವಿನ ಪ್ರೋಟೀನನ್ನು ಕೆಡಿಸಿ ಅದನ್ನು ಕೊಲ್ಲುತ್ತದೆ, ಆ ಕೆಲಸಕ್ಕೆ ಸ್ವಲ್ಪ ನೀರು ಬೇಕೇ ಬೇಕು. ನೀರೇ ಇಲ್ಲದ ಆಲ್ಕೋಹಾಲ್ ಕೈಯಿಂದ ಬೇಗ ಆರಿಯೂ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟಿರುವ ಸೂತ್ರದಲ್ಲೂ ಎಥನಾಲ್ 80% ಮಾತ್ರ. ಅದರ ಜೊತೆ ಕೈ ಒಣಗದಿರಲಿ ಅಂತ ಒಂಚೂರು ಗ್ಲಿಸರಿನ್ ಇರುತ್ತದೆ.

ಇಷ್ಟೆಲ್ಲ ನೋಡಿ ತಂದ ಸ್ಯಾನಿಟೈಸರ್ ಕೂಡ ಕೈಯಲ್ಲಿ ಸೋಲುತ್ತದೆ. ಕಾರಣ ಜಿಪುಣತನ. ಎರಡು ಹನಿ ಅಂಗೈಗೆ ಬಿಟ್ಟುಕೊಂಡು ಎರಡು ಸಲ ಉಜ್ಜಿ ಮುಗಿಸುತ್ತೇವೆ. ಬೆರಳ ತುದಿ, ಹೆಬ್ಬೆರಳು, ಉಗುರಿನ ಸುತ್ತ ಹತ್ತುವುದೇ ಇಲ್ಲ. ನಾವು ಊಟ ಮಾಡೋದು ಅದೇ ಬೆರಳ ತುದಿಗಳಲ್ಲಿ ಅನ್ನೋದು ನೆನಪಿರಲಿ. ದೊಡ್ಡವರ ಎರಡೂ ಕೈಗೆ ಸುಮಾರು 3 ಮಿಲಿ ಬೇಕು, ಅಂದರೆ ಅರ್ಧ ಟೀ ಚಮಚಕ್ಕಿಂತ ಸ್ವಲ್ಪ ಜಾಸ್ತಿ. ಕೈ ಪೂರ್ತಿ ಒದ್ದೆಯಾಗಿ, ಉಜ್ಜುತ್ತಾ ಆರಲು 20ರಿಂದ 30 ಸೆಕೆಂಡು ಹಿಡಿಯಬೇಕು. ಹತ್ತು ಸೆಕೆಂಡಿಗೇ ಆರಿತು ಅಂದರೆ ಹಾಕಿಕೊಂಡದ್ದು ಸಾಲದು. ಆರುವ ಮುಂಚೆ ಬಟ್ಟೆಗೆ ಒರೆಸಿಕೊಂಡರೂ ಅಷ್ಟೇ, ಹಚ್ಚಿದ್ದು ದಂಡ.

ಈಗ ನಿಮ್ಮ ಎರಡನೇ ಪ್ರಶ್ನೆ. ಮಕ್ಕಳ ಊಟಕ್ಕೆ ಮುಂಚೆ ಸೋಪು ನೀರೇ ಆಗಬೇಕು. ಅಂಗಳದಲ್ಲಿ ಆಡಿ ಬಂದ ಮಕ್ಕಳ ಕೈ ಹೇಗಿರುತ್ತೆ ಅಂತ ನಿಮಗೆ ಗೊತ್ತೇ ಇದೆ. ಸ್ಯಾನಿಟೈಸರ್ ಏನನ್ನೂ ತೊಳೆದು ಹಾಕುವುದಿಲ್ಲ. ಮಣ್ಣು, ಎಣ್ಣೆ, ಸಿಂಬಳ ಎಲ್ಲ ಅಲ್ಲೇ ಉಳಿಯುತ್ತವೆ, ಅದರಡಿ ಸೇರಿದ ರೋಗಾಣುವಿಗೆ ಆಲ್ಕೋಹಾಲ್ ಸರಿಯಾಗಿ ತಾಗುವುದೇ ಇಲ್ಲ. ಸೋಪು ಕೊಳೆಯನ್ನು ಚರ್ಮದಿಂದ ಬಿಡಿಸುತ್ತದೆ, ನೀರು ಅದನ್ನು ರೋಗಾಣು ಸಮೇತ ಒಯ್ಯುತ್ತದೆ.

ಇನ್ನೊಂದು ಕಾರಣವೂ ಇದೆ. ಕೊರೊನಾ, ಫ್ಲೂ ಥರದ ವೈರಸ್ಸಿಗೆ ಹೊರಗೊಂದು ಕೊಬ್ಬಿನ ಪೊರೆ ಇರುತ್ತದೆ, ಆಲ್ಕೋಹಾಲ್ ಅದನ್ನು ಸುಲಭವಾಗಿ ಒಡೆಯುತ್ತದೆ. ವಾಂತಿಭೇದಿ ತರುವ ನೊರೊವೈರಸ್, ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್‌ಗಳಿಗೆ ಆ ಪೊರೆ ಇಲ್ಲ. ಅವು ಆಲ್ಕೋಹಾಲಿಗೆ ಅಷ್ಟು ಬೇಗ ಬಗ್ಗುವುದಿಲ್ಲ. ಕೆಲವು ಬ್ಯಾಕ್ಟೀರಿಯಾಗಳು ಮಾಡಿಕೊಳ್ಳುವ ಗಟ್ಟಿ ಬೀಜಾಣುಗಳಂತೂ ಸಾಯುವುದೇ ಇಲ್ಲ. ಮಕ್ಕಳಿರುವ ಕಡೆ ಹರಡೋದು ಜಾಸ್ತಿ ಹೊಟ್ಟೆಯ ಕಾಯಿಲೆಗಳೇ. ಅದಕ್ಕೇ ಶೌಚಾಲಯಕ್ಕೆ ಹೋಗಿ ಬಂದ ಮೇಲೆ, ಮಗುವಿನ ಕಕ್ಕಸು ತೊಳೆದ ಮೇಲೆ, ಅಡುಗೆಗೆ ಮುಂಚೆ, ಊಟಕ್ಕೆ ಮುಂಚೆ ಸೋಪು ನೀರು. ಹೊಲದಲ್ಲಿ ಔಷಧಿ ಹೊಡೆದು ಬಂದ ಕೈಗೂ ಅದೇ.

ದುಬಾರಿ ಆ್ಯಂಟಿ ಬ್ಯಾಕ್ಟೀರಿಯಲ್ ಸೋಪು ಬೇಕಿಲ್ಲ, ಮಾಮೂಲಿ ಸೋಪು ಸಾಕು. ನಲ್ಲಿ ಇಲ್ಲದಿದ್ದರೆ ಒಬ್ಬರು ಚೊಂಬಿನಲ್ಲಿ ನೀರು ಹುಯ್ಯಲಿ, ಮಕ್ಕಳು ನೊರೆ ಬರಿಸಿ ಇಪ್ಪತ್ತು ಸೆಕೆಂಡು ಉಜ್ಜಲಿ. ಒಂದೇ ಬೋಗುಣಿಯ ನೀರಿನಲ್ಲಿ ಎಲ್ಲರೂ ಕೈ ಅದ್ದುವುದು ಮಾತ್ರ ಬೇಡ.

ಹಾಗಾದರೆ ಆ ಕ್ಯಾನ್ ಏನು ಮಾಡೋದು? ಲೇಬಲ್ ಲೆಕ್ಕ ಸರಿ ಬಂದರೆ ದೊಡ್ಡವರು ಬಳಸಿ: ಬಸ್ಸಿಳಿದು ಬಂದಾಗ, ಸೀನಿದ ಮೇಲೆ, ಕೈ ನೋಡೋಕೆ ಚೊಕ್ಕಟವಾಗಿದ್ದು ಹತ್ತಿರ ನೀರಿಲ್ಲದಾಗ. ಕ್ಯಾನಿನ ಮುಚ್ಚಳ ಬಿಗಿಯಾಗಿರಲಿ, ಆಲ್ಕೋಹಾಲ್ ಆವಿಯಾದರೆ ಉಳಿಯುವುದು ನೀರು. ಚಿಕ್ಕ ಬಾಟಲಿಗೆ ತುಂಬಿದರೆ ಮೇಲೊಂದು ಚೀಟಿ ಅಂಟಿಸಿ. ನೀರಿನ ಬಾಟಲಿಗೆ, ಜ್ಯೂಸ್ ಬಾಟಲಿಗೆ ಮಾತ್ರ ತುಂಬಬೇಡಿ, ಮಕ್ಕಳು ಕುಡಿದುಬಿಡುತ್ತಾರೆ. ಅಡುಗೆ ಮಾಡುವವರು ಹಚ್ಚಿಕೊಂಡ ಕೈ ಪೂರ್ತಿ ಆರುವ ತನಕ ಒಲೆಯ ಹತ್ತಿರ ಹೋಗಬಾರದು. ಆಲ್ಕೋಹಾಲಿನ ಜ್ವಾಲೆ ತಿಳಿ ನೀಲಿ, ಹಗಲು ಬೆಳಕಿನಲ್ಲಿ ಕಾಣುವುದೇ ಕಷ್ಟ.